ಹತ್ತಡಿ ಕೋಣೆಯಲ್ಲಿ ಮಗುವಿನ ನಿದ್ದೆ, ಓದು, ಆಟ: ನಾಲ್ಕರ ವಯಸ್ಸಿನಿಂದ ಹದಿಮೂರರವರೆಗೆ ಜೋಡಣೆ ಹೇಗೆ?

"ಮಗಳಿಗೆ ಆರು ತುಂಬಿತು, ಓದಲು ಟೇಬಲ್ ಬೇಕು, ಆದರೆ ಕೋಣೆಯಲ್ಲಿ ಜಾಗವೇ ಇಲ್ಲ." ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಜೊತೆಗೆ ಕೋಣೆಯ ಫೋಟೊ ಕಳಿಸಿದವರಲ್ಲಿ ಹೆಚ್ಚಿನವರ ಕೋಣೆಯಲ್ಲಿ ನಿಜವಾಗಿ ಜಾಗದ ಕೊರತೆ ಇರುವುದಿಲ್ಲ. ಮಂಚ ಕೋಣೆಯ ನಡುವೆ ಅಥವಾ ಕಿಟಕಿಗೆ ಅಂಟಿಕೊಂಡು ನಿಂತಿರುತ್ತದೆ. ಅದರಿಂದಾಗಿ ಉಳಿದ ನೆಲ ಯಾವುದಕ್ಕೂ ಬಾರದ ಸಣ್ಣ ಸಣ್ಣ ಪಟ್ಟಿಗಳಾಗಿ ಹರಿದುಹೋಗಿರುತ್ತದೆ.

ಈ ಲೇಖನದಲ್ಲಿ ಒಂದೇ ಒಂದು ಕೋಣೆಯನ್ನು ತೆಗೆದುಕೊಂಡು ಕೊನೆಯವರೆಗೂ ಜೋಡಿಸೋಣ. ಹತ್ತಡಿಗೆ ಹತ್ತಡಿ ಕೋಣೆ, ಒಂದು ಮಗು, ಒಂದು ಬಾಗಿಲು, ಒಂದು ಕಿಟಕಿ. ಅನುಸರಿಸುವ ಸೂತ್ರ ಸರಳ: ಮಂಚ ಮತ್ತು ಬೀರುವಿನ ಜಾಗವನ್ನು ಮೊದಲೇ ಯೋಚಿಸಿ ಗಟ್ಟಿ ಮಾಡಿ, ಮತ್ತೆ ಕದಲಿಸಬೇಡಿ. ಮಗು ಬೆಳೆದಂತೆ ಓದಿನ ಜಾಗ ಹಿಗ್ಗುತ್ತದೆ, ಆಟದ ಜಾಗ ಕುಗ್ಗುತ್ತದೆ. ನೀವು ಸರಿಸಬೇಕಾದದ್ದು ಅವೆರಡರ ನಡುವಿನ ಗಡಿಯನ್ನು ಮಾತ್ರ.

ಮೊದಲು ಬೇಕಾದ ಸಾಮಾನು

ಅಳತೆ ಟೇಪು, ಹಳೆಯ ದಿನಪತ್ರಿಕೆಗಳು, ಬಣ್ಣ ಬಳಿಯುವವರು ಬಳಸುವ ಕಾಗದದ ಅಂಟುಪಟ್ಟಿ (ಮಾಸ್ಕಿಂಗ್ ಟೇಪ್), ಡ್ರಿಲ್, 8 ಮಿ.ಮೀ. ಬಿಟ್, ಅದಕ್ಕೆ ಹೊಂದುವ ಪ್ಲಾಸ್ಟಿಕ್ ಪ್ಲಗ್ ಮತ್ತು ಸ್ಕ್ರೂಗಳು, ನಾಲ್ಕೈದು ಎಲ್ ಆಕಾರದ ಕಬ್ಬಿಣದ ಪಟ್ಟಿಗಳು. ಹೊಸ ಪೀಠೋಪಕರಣವನ್ನು ಈಗಲೇ ಕೊಳ್ಳಬೇಡಿ. ಮೂರನೆಯ ಹಂತ ಮುಗಿಯುವವರೆಗೆ ಏನು ಬೇಕೆಂಬುದೇ ನಿಮಗೆ ಖಚಿತವಾಗಿರುವುದಿಲ್ಲ.

ಹಂತ 1: ಕೋಣೆ ಅಳೆಯಿರಿ, ತೆರೆಯುವ ವಸ್ತುಗಳನ್ನೂ ಅಳೆಯಿರಿ

ಗೋಡೆಯಿಂದ ಗೋಡೆಗೆ ಅಳೆದು ಕಾಗದದ ಮೇಲೆ ಒಂದು ಅಡಿಗೆ ಒಂದು ಇಂಚಿನಂತೆ ನಕ್ಷೆ ಬರೆಯಿರಿ. ಬಾಗಿಲು, ಕಿಟಕಿ, ಪ್ಲಗ್ ಪಾಯಿಂಟ್, ಫ್ಯಾನ್ ಎಲ್ಲವನ್ನೂ ಗುರುತಿಸಿ. ಅಳತೆ ತಪ್ಪುವುದು ಇಲ್ಲಲ್ಲ, ತೆರೆದುಕೊಳ್ಳುವ ವಸ್ತುಗಳಲ್ಲಿ. ಬೀರುವಿನ ಆಳ ಎರಡಡಿ ಎಂದು ಬರೆದುಕೊಳ್ಳುತ್ತೀರಿ, ಅದರ ಬಾಗಿಲು ಮುಂದಕ್ಕೆ ಇನ್ನೂ ಒಂದೂವರೆ ಅಡಿ ತೆರೆಯುತ್ತದೆ ಎಂಬುದನ್ನು ಮರೆಯುತ್ತೀರಿ. ಮಂಚದ ಕೆಳಗಿನ ಡ್ರಾಯರ್ ಪೂರ್ತಿ ಹೊರಗೆ ಬರಲು ಅದರಷ್ಟೇ ಉದ್ದದ ನೆಲ ಖಾಲಿ ಬೇಕು. ಕುರ್ಚಿಯಿಂದ ಎದ್ದೇಳಲು ಟೇಬಲ್ಲಿನ ಅಂಚಿನಿಂದ ಹಿಂದಕ್ಕೆ ಕನಿಷ್ಠ ಎರಡೂವರೆ ಅಡಿ ಬೇಕು. ಈ ಮೂರನ್ನೂ ನಕ್ಷೆಯಲ್ಲಿ ಚುಕ್ಕಿ ಗೆರೆಯಿಂದ ತೋರಿಸಿ.

ನಮ್ಮ ಉದಾಹರಣೆಯ ಕೋಣೆ ಹೀಗಿದೆ. ಬಾಗಿಲಲ್ಲಿ ನಿಂತು ಒಳಗೆ ನೋಡುತ್ತಿದ್ದೀರಿ ಎಂದುಕೊಳ್ಳಿ. ಬಾಗಿಲು ಬಲ ಮೂಲೆಯಲ್ಲಿದೆ, ಮೂರಡಿ ಅಗಲ, ತೆರೆದಾಗ ಬಲಗೋಡೆಗೆ ಒರಗುತ್ತದೆ. ಎದುರುಗೋಡೆಯ ನಡುವೆ ನಾಲ್ಕಡಿ ಅಗಲದ ಕಿಟಕಿ ಇದೆ. ಎಡಗೋಡೆ ಪೂರ್ತಿ ಖಾಲಿ.

ಹಂತ 2: ಮಂಚ ಮತ್ತು ಬೀರುವಿನ ಜಾಗ ನಿಗದಿ ಮಾಡಿ

ಮಗು ಚಿಕ್ಕದೆಂದು ಚಿಕ್ಕ ಮಂಚ ಕೊಳ್ಳುವುದು ಎರಡು ಸಲ ಖರ್ಚು ಮಾಡಿದಂತೆ. ನಾಲ್ಕು ವರ್ಷದ ಮಗುವಿಗೂ ಮೂರಡಿ ಅಗಲ, ಆರೂಕಾಲು ಅಡಿ ಉದ್ದದ ಸಾಮಾನ್ಯ ಒಂಟಿ ಮಂಚವೇ ಇರಲಿ. ಎತ್ತರ ಮಾತ್ರ ತಗ್ಗಾಗಿರಬೇಕು: ಹಾಸಿಗೆಯೂ ಸೇರಿ ಸುಮಾರು 16ರಿಂದ 18 ಇಂಚು. ಉರುಳುವ ಭಯವಿದ್ದರೆ ತೆರೆದ ಬದಿಗೆ ತೆಗೆದು ಹಾಕಬಹುದಾದ ತಡೆಪಟ್ಟಿ ಕಟ್ಟಿ. ಹಾಸಿಗೆಗೂ ಗೋಡೆಗೂ ನಡುವೆ, ಹಾಸಿಗೆಗೂ ತಡೆಪಟ್ಟಿಗೂ ನಡುವೆ ಸಂದು ಉಳಿಯಬಾರದು. ಮಗುವಿನ ದೇಹ ಜಾರಿ ತಲೆ ಸಿಕ್ಕಿಕೊಳ್ಳುವುದು ಇಂಥ ಸಂದಿನಲ್ಲೇ.

ಮಂಚವನ್ನು ಎಡಗೋಡೆಗೆ ಉದ್ದಕ್ಕೆ ತಾಗಿಸಿ, ತಲೆದಿಕ್ಕು ಬಾಗಿಲಿರುವ ಗೋಡೆಯ ಕಡೆಗೆ ಬರುವಂತೆ ಇಡಿ. ಆಗ ಮಂಚದ ಕಾಲ್ದೆಸೆಗೂ ಕಿಟಕಿ ಗೋಡೆಗೂ ನಡುವೆ ಮೂರೂಮುಕ್ಕಾಲು ಅಡಿ ಉಳಿಯುತ್ತದೆ. ಈ ಅಂತರ ಬೇಕೇ ಬೇಕು. ಕಿಟಕಿಯ ಕೆಳಗಿನ ಮಂಚ ಮಗುವಿಗೆ ಕಿಟಕಿ ಹತ್ತಲು ಮೆಟ್ಟಿಲಾಗುತ್ತದೆ. ಕಿಟಕಿ ಪರದೆಗೆ ಎಳೆಯುವ ದಾರ ಇದ್ದರೆ ಅದು ಮಂಚದಿಂದ ಕೈಗೆಟುಕಬಾರದು, ಏಕೆಂದರೆ ಕುಣಿಕೆಯಂತಿರುವ ದಾರ ಚಿಕ್ಕ ಮಕ್ಕಳ ಕತ್ತಿಗೆ ಸುತ್ತಿಕೊಳ್ಳುವ ಅಪಾಯವಿದೆ. ದಾರವನ್ನು ತೆಗೆಸಿಬಿಡಿ, ಇಲ್ಲವೇ ಎತ್ತರದ ಕೊಕ್ಕೆಗೆ ಬಿಗಿಯಾಗಿ ಕಟ್ಟಿ.

ಬೀರು ಬಲಗೋಡೆಗೆ ಹೋಗುತ್ತದೆ. ಕೋಣೆಯ ಬಾಗಿಲು ಒರಗುವ ಮೂರಡಿ ಬಿಟ್ಟು, ಅದರ ಮುಂದೆ ನಾಲ್ಕೈದು ಇಂಚಿನ ಸಂದು ಬಿಟ್ಟು ಮೂರಡಿ ಅಗಲ, ಎರಡಡಿ ಆಳದ ಬೀರು ನಿಲ್ಲಿಸಿ. ಮಂಚಕ್ಕೂ ಬೀರುವಿಗೂ ನಡುವೆ ಐದಡಿ ಬಿಡುವು ಸಿಗುತ್ತದೆ. ಬೀರು ಆಚೆ ಮುಗಿದ ಮೇಲೆ, ಕಿಟಕಿ ಗೋಡೆಯವರೆಗೆ, ಬಲಗೋಡೆಯಲ್ಲಿ ಮೂರೂವರೆ ಅಡಿ ಉದ್ದ ಖಾಲಿ ಉಳಿಯುತ್ತದೆ. ಈ ಮೂಲೆಯನ್ನು ಈಗಲೇ ತುಂಬಿಸಬೇಡಿ. ಮುಂದೆ ಓದುವ ಟೇಬಲ್ ಬರುವುದು ಅಲ್ಲಿಗೇ.

ಹಂತ 3: ಕಾಗದದಲ್ಲಿ ಹಾಸಿ ನೋಡಿ

ಭಾರದ ಬೀರು ಎಳೆಯುವ ಮೊದಲು ಮಂಚ, ಬೀರು, ಟೇಬಲ್, ಶೆಲ್ಫ್ ಇವುಗಳ ನಿಜವಾದ ಅಳತೆಗೆ ದಿನಪತ್ರಿಕೆ ಅಂಟಿಸಿ ಕತ್ತರಿಸಿ. ಇರುವ ಸಾಮಾನನ್ನು ಸಾಧ್ಯವಾದಷ್ಟು ಬದಿಗೆ ಸರಿಸಿ, ಕಾಗದಗಳನ್ನು ನೆಲಕ್ಕೆ ಅಂಟಿಸಿ. ಬೀರುವಿನ ಬಾಗಿಲು, ಕುರ್ಚಿ ಹಿಂದೆ ಸರಿಯುವ ಜಾಗವನ್ನು ಅಂಟುಪಟ್ಟಿಯಿಂದ ಗೆರೆ ಎಳೆದು ತೋರಿಸಿ. ಎರಡು ದಿನ ಹಾಗೆಯೇ ಬಿಡಿ. ರಾತ್ರಿ ದೀಪ ಆರಿಸಿ, ಮಂಚದ ಜಾಗದಿಂದ ಬಾಗಿಲಿಗೆ ನಡೆದು ನೋಡಿ. ಆ ದಾರಿ ಉದ್ದಕ್ಕೂ ಎರಡಡಿ ಅಗಲವಿರಬೇಕು. ಹಗಲು ಅಲ್ಲಿ ಆಟಿಕೆ ಹರಡಿದ್ದರೂ ಚಿಂತೆಯಿಲ್ಲ, ಮಲಗುವ ಮೊದಲು ದಾರಿ ಖಾಲಿಯಾದರೆ ಸಾಕು.

ಇದನ್ನು ಬಿಟ್ಟು ನೇರ ಎಳೆದಾಟಕ್ಕೆ ಇಳಿದವರಿಗೆ ಎದುರಾಗುವ ತೊಂದರೆ ಹೆಚ್ಚಾಗಿ ಒಂದೇ: ಎಲ್ಲವೂ ಕೂತ ಮೇಲೆ ಪ್ಲಗ್ ಪಾಯಿಂಟ್ ಬೀರುವಿನ ಹಿಂದೆ ಸಿಕ್ಕಿಕೊಂಡಿರುತ್ತದೆ. ಆಮೇಲೆ ಚಾಪೆಯ ಕೆಳಗಿಂದ ವಿಸ್ತರಣಾ ವೈರು ಬರುತ್ತದೆ. ಕಾಲ ಕೆಳಗೆ ತುಳಿಸಿಕೊಂಡ ವೈರು ಒಳಗೆ ಸವೆಯುತ್ತದೆ, ಬಿಸಿಯಾದರೂ ಯಾರಿಗೂ ಕಾಣುವುದಿಲ್ಲ. ಟೇಬಲ್ ಬರುವ ಮೂಲೆಯಲ್ಲಿ ಪ್ಲಗ್ ಇಲ್ಲದಿದ್ದರೆ ಈ ಹಂತದಲ್ಲೇ ಎಲೆಕ್ಟ್ರಿಷಿಯನ್ ಕರೆಸಿ ಗೋಡೆಯ ಮೇಲೆ ಪಟ್ಟಿಯೊಳಗೆ ಒಂದು ಪಾಯಿಂಟ್ ಎಳೆಸಿ.

ಹಂತ 4: ಎತ್ತರದ ವಸ್ತುಗಳನ್ನು ಗೋಡೆಗೆ ಬಿಗಿಯಿರಿ

ಎಲ್ಲಕ್ಕಿಂತ ಹೆಚ್ಚು ಜನ ಬಿಟ್ಟುಬಿಡುವುದು ಈ ಹಂತವನ್ನು. ಬೀರು ಭಾರವಾಗಿದೆ, ತಾನಾಗಿ ಬೀಳುವುದಿಲ್ಲ ಎಂಬ ನಂಬಿಕೆ ತಪ್ಪು. ಎರಡು ಡ್ರಾಯರ್ ಒಟ್ಟಿಗೆ ತೆರೆದು, ಕೆಳಗಿನದರ ಮೇಲೆ ಕಾಲಿಟ್ಟು ಮೇಲಿನದಕ್ಕೆ ಕೈ ಚಾಚಿದರೆ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಖಾಲಿ ಬೀರುವಾದರೆ ಇನ್ನೂ ಬೇಗ ಬಾಗುತ್ತದೆ. ಎದೆಮಟ್ಟದ ಡ್ರಾಯರ್ ಪೆಟ್ಟಿಗೆಯೂ, ಪುಸ್ತಕದ ಶೆಲ್ಫೂ ಇದಕ್ಕೆ ಹೊರತಲ್ಲ.

ಬೀರುವಿನ ಮೇಲ್ಭಾಗದ ಎರಡೂ ತುದಿಯಲ್ಲಿ ಒಂದೊಂದು ಎಲ್ ಪಟ್ಟಿ ಇರಲಿ. ಪಟ್ಟಿಯ ಒಂದು ತೋಳು ಬೀರುವಿನ ಗಟ್ಟಿ ಚೌಕಟ್ಟಿಗೆ ಬೀಳಬೇಕು, ಹಿಂಬದಿಯ ತೆಳು ಹಲಗೆಗಲ್ಲ. ತೆಳು ಹಲಗೆಗೆ ಹಾಕಿದ ಸ್ಕ್ರೂ ಎಳೆತ ಬಂದ ಕ್ಷಣ ಹಲಗೆಯನ್ನೇ ಕಿತ್ತುಕೊಂಡು ಬರುತ್ತದೆ. ಗೋಡೆಯಲ್ಲಿ 8 ಮಿ.ಮೀ. ಬಿಟ್‌ನಿಂದ ಎರಡರಿಂದ ಎರಡೂವರೆ ಇಂಚು ಆಳಕ್ಕೆ ಕೊರೆಯಿರಿ. ಮೊದಲ ಅರ್ಧ ಇಂಚಿನಷ್ಟು ಬರೀ ಗಾರೆ, ಅದಕ್ಕೆ ಹಿಡಿತವಿಲ್ಲ. ಪ್ಲಗ್ ಪೂರ್ತಿಯಾಗಿ ಇಟ್ಟಿಗೆಯೊಳಗೆ ಕೂರಬೇಕು. ಕೊರೆಯುವಾಗ ಬೂದು ಪುಡಿ ನಿಂತು ಕೆಂಪು ಪುಡಿ ಬರತೊಡಗಿದರೆ ಕೆಂಪು ಇಟ್ಟಿಗೆ ಸಿಕ್ಕಿತೆಂದು ಅರ್ಥ. ಬಿಟ್ ಇದ್ದಕ್ಕಿದ್ದಂತೆ ಸಡಿಲವಾಗಿ ಒಳನುಗ್ಗಿದರೆ ಎರಡು ಇಟ್ಟಿಗೆಗಳ ನಡುವಿನ ಸಂದಿಗೆ ಹೋಗಿರಬಹುದು. ಆ ರಂಧ್ರ ಬಿಟ್ಟು ಒಂದೆರಡು ಇಂಚು ಪಕ್ಕದಲ್ಲಿ ಮತ್ತೆ ಕೊರೆಯಿರಿ. ಪ್ಲಗ್ ಪಾಯಿಂಟಿನ ನೇರ ಮೇಲೆ ಅಥವಾ ಕೆಳಗೆ ಕೊರೆಯಬೇಡಿ, ವೈರು ಹಾದುಹೋಗಿರುವುದು ಸಾಮಾನ್ಯವಾಗಿ ಅಲ್ಲೇ. ಜಿಪ್ಸಮ್ ಹಲಗೆಯ ಟೊಳ್ಳು ಗೋಡೆಯಾದರೆ ಈ ಪ್ಲಗ್ ನಿಲ್ಲುವುದಿಲ್ಲ. ಒಳಗಿನ ಚೌಕಟ್ಟಿನ ಪಟ್ಟಿಯನ್ನು ಹುಡುಕಿ ಅದಕ್ಕೇ ಸ್ಕ್ರೂ ಬಿಗಿಯಬೇಕು.

ಇನ್ನೊಂದು ಸಣ್ಣ ತೊಡಕು. ಗೋಡೆಯ ಬುಡದಲ್ಲಿ ಹೊರಚಾಚಿದ ಸ್ಕರ್ಟಿಂಗ್ ಇದ್ದರೆ ಬೀರು ಗೋಡೆಗೆ ಪೂರ್ತಿ ತಾಗುವುದಿಲ್ಲ, ಮೇಲೆ ಅರ್ಧ ಇಂಚು ಸಂದು ಉಳಿಯುತ್ತದೆ. ಸ್ಕ್ರೂ ಬಿಗಿದು ಆ ಸಂದನ್ನು ಮುಚ್ಚಲು ಹೋದರೆ ಬೀರು ಹಿಂದಕ್ಕೆ ವಾಲಿ ಬಾಗಿಲುಗಳು ಸರಿಯಾಗಿ ಮುಚ್ಚುವುದಿಲ್ಲ. ಸಂದಿನಷ್ಟೇ ದಪ್ಪದ ಮರದ ತುಂಡನ್ನು ನಡುವೆ ಇಟ್ಟು ಬಿಗಿಯಿರಿ. ಕೊನೆಗೆ ಮೇಲಂಚು ಹಿಡಿದು ನಿಮ್ಮ ಕಡೆಗೆ ಜಗ್ಗಿ. ಅಲುಗಾಡಿದರೆ ಕೆಲಸ ಮುಗಿದಿಲ್ಲ.

ಹಂತ 5: ನಾಲ್ಕರಿಂದ ಆರರವರೆಗೆ, ಕಿಟಕಿ ಕಡೆಯೆಲ್ಲ ಆಟಕ್ಕೆ

ಈ ವಯಸ್ಸಿಗೆ ಓದುವ ಟೇಬಲ್ ಬೇಕಿಲ್ಲ. ಬಣ್ಣ ಹಚ್ಚಲು ತಗ್ಗಿನ ಪುಟ್ಟ ಮೇಜು ಸಾಕು, ಬೇಕಾದಾಗ ಮಡಚಿ ಗೋಡೆಗೆ ಒರಗಿಸುವಂಥದ್ದಾದರೆ ಒಳ್ಳೆಯದು. ಮಂಚದ ಕಾಲ್ದೆಸೆಯ ಆಚೆ, ಎಡಗೋಡೆಗೆ ಮೂರಡಿ ಉದ್ದ, ಒಂದಡಿ ಆಳ, ಎರಡೂವರೆ ಅಡಿ ಎತ್ತರದ ತೆರೆದ ಶೆಲ್ಫ್ ಇಡಿ. ಅದರ ಮುಂದಿನಿಂದ ಬಲಗೋಡೆಯವರೆಗೆ ಒಂಬತ್ತಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲದ ನೆಲ ಆಟಕ್ಕೆ ಸಿಗುತ್ತದೆ. ರೈಲು ಹಳಿ ಜೋಡಿಸಲು, ಕಟ್ಟಡ ಕಟ್ಟಲು ಇಷ್ಟು ಧಾರಾಳ.

ಶೆಲ್ಫನ್ನು ಕಿಟಕಿಯ ಕೆಳಗೆ ತಳ್ಳಬೇಡಿ, ಅದನ್ನೂ ಹತ್ತುತ್ತಾರೆ. ಮುಚ್ಚಳವಿರುವ ದೊಡ್ಡ ಆಟಿಕೆ ಪೆಟ್ಟಿಗೆಗಿಂತ ತೆರೆದ ಟ್ರೇಗಳು ಮೇಲು. ಭಾರದ ಮುಚ್ಚಳ ಬೆರಳ ಮೇಲೆ, ತಲೆಯ ಮೇಲೆ ಬೀಳುವ ಭಯ ಒಂದಾದರೆ, ಪೆಟ್ಟಿಗೆಯ ತಳದ ಒಂದು ಆಟಿಕೆಗಾಗಿ ಮಗು ಎಲ್ಲವನ್ನೂ ನೆಲಕ್ಕೆ ಸುರಿಯುವುದು ಇನ್ನೊಂದು. ಆರೇಳು ಟ್ರೇ ಇಟ್ಟು ಪ್ರತಿಯೊಂದರ ಮುಂದೆ ಒಳಗಿರುವುದರ ಚಿತ್ರ ಅಂಟಿಸಿ. ಅಕ್ಷರ ಬಾರದ ಮಗುವೂ ಅದನ್ನು ನೋಡಿ ತಾನೇ ಎತ್ತಿಡುತ್ತದೆ. ಉಳಿದ ಆಟಿಕೆ ಬೀರುವಿನ ಮೇಲ್ಗಡೆ ಇರಲಿ, ಆಗಾಗ ಅದಲುಬದಲು ಮಾಡಿ.

ಹಂತ 6: ಆರರಿಂದ ಹತ್ತರವರೆಗೆ, ಬಲ ಮೂಲೆಗೆ ಟೇಬಲ್

ಕಾದಿರಿಸಿದ ಮೂರೂವರೆ ಅಡಿಯ ಮೂಲೆಗೆ ಈಗ ಟೇಬಲ್ ಬರುತ್ತದೆ. ಉದ್ದ ಮೂರಡಿಯಿಂದ ಮೂರೂವರೆ, ಆಳ ಎರಡಡಿ, ಮುಖ ಬಲಗೋಡೆಗೆ. ಹೀಗೆ ಕೂತ ಮಗುವಿಗೆ ಕಿಟಕಿ ಎಡಗಡೆಗೆ, ತುಸು ಹಿಂದಕ್ಕೆ ಬರುತ್ತದೆ. ಬಲಗೈಯಲ್ಲಿ ಬರೆಯುವ ಮಗುವಿನ ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಆಟಿಕೆಯ ಶೆಲ್ಫ್ ಬೆನ್ನ ಹಿಂದೆ ಉಳಿಯುವುದರಿಂದ ಓದುವಾಗ ಕಣ್ಣಿಗೂ ಬೀಳುವುದಿಲ್ಲ.

ಎಡಗೈಯಲ್ಲಿ ಬರೆಯುವ ಮಗುವಾದರೆ ಟೇಬಲ್ ಮತ್ತು ಆಟಿಕೆ ಶೆಲ್ಫನ್ನು ಅದಲುಬದಲು ಮಾಡಿದರೆ ಸಾಕು. ಮಂಚದ ಆಚೆಯ ಎಡಮೂಲೆಯಲ್ಲೂ ಅಷ್ಟೇ ಉದ್ದ ಇದೆ, ಅಲ್ಲಿ ಎಡಗೋಡೆಗೆ ಮುಖಮಾಡಿ ಕೂತರೆ ಬೆಳಕು ಬಲದಿಂದ ಬರುತ್ತದೆ. ಮಂಚ, ಬೀರು ಕದಲುವುದಿಲ್ಲ.

ಸಂಜೆಗೆ ಟೇಬಲ್ ಲ್ಯಾಂಪ್ ಬೇಕು, ಛಾವಣಿಯ ದೀಪ ಸಾಲದು. ಅದು ಬೆನ್ನ ಹಿಂದಿನಿಂದ ಬಂದು ಮಗುವಿನ ತಲೆಯ ನೆರಳನ್ನೇ ಪುಸ್ತಕದ ಮೇಲೆ ಚೆಲ್ಲುತ್ತದೆ. ಲ್ಯಾಂಪನ್ನು ಬರೆಯುವ ಕೈಗೆ ಎದುರು ಬದಿಯಲ್ಲಿಡಿ. ಪುಸ್ತಕ ಇಡುವ ಜಾಗದಲ್ಲಿ ಒಂದು ಕನ್ನಡಿ ಮಲಗಿಸಿ, ಮಗುವಿನ ಕಣ್ಣಿನ ಎತ್ತರದಿಂದ ನೋಡಿ. ಕನ್ನಡಿಯಲ್ಲಿ ಬಲ್ಬು ಕಂಡರೆ ನುಣುಪು ಹಾಳೆಯ ಮೇಲೂ ಹೊಳಪು ಬಂದು ಕಣ್ಣಿಗೆ ಹೊಡೆಯುತ್ತದೆ, ಲ್ಯಾಂಪನ್ನು ಪಕ್ಕಕ್ಕೆ ಸರಿಸಿ. ಬಲ್ಬಿನ ಡಬ್ಬಿಯ ಮೇಲೆ ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಬರೆದಿರುತ್ತಾರೆ. ಓದಿಗೆ 4000ದ ಆಸುಪಾಸಿನ ಬಿಳಿ, ಮಂಚದ ಬಳಿ 2700ರ ಹಳದಿ ಬೆಳಕು ಇರಲಿ. ಮಲಗುವ ಹೊತ್ತಿಗೆ ಬಿಳಿ ದೀಪ ಆರಿ ಹಳದಿಯೊಂದೇ ಉಳಿಯುವಂತೆ ಎರಡಕ್ಕೂ ಬೇರೆ ಬೇರೆ ಸ್ವಿಚ್ ಇರಬೇಕು.

ಇನ್ನು ಎತ್ತರ. ಇಲ್ಲಿ ಅಂದಾಜು ಮಾಡಬೇಡಿ, ಮಗುವನ್ನು ಕೂರಿಸಿ ಅಳೆಯಿರಿ. ಪಾದ ನೆಲಕ್ಕೆ ಪೂರ್ತಿ ಊರಿರಬೇಕು, ಮೊಣಕಾಲು ನೇರ ಕೋನದಲ್ಲಿ ಮಡಿಚಿರಬೇಕು, ಭುಜ ಎತ್ತದೆ ಮೊಣಕೈ ಟೇಬಲ್ಲಿನ ಮಟ್ಟಕ್ಕೆ ಬರಬೇಕು. ಶಾಲಾ ಪೀಠೋಪಕರಣಕ್ಕೆ ಯುರೋಪಿನ ಮಾನದಂಡ ಹೇಳುವ ಅಳತೆಗಳನ್ನು ಇಂಚಿಗೆ ತಂದರೆ ಹೀಗಾಗುತ್ತದೆ: ಮಗುವಿನ ಎತ್ತರ 108ರಿಂದ 121 ಸೆಂ.ಮೀ. ಇದ್ದರೆ ಕುರ್ಚಿಯ ಆಸನ 12 ಇಂಚು, ಟೇಬಲ್ 21. ಸುಮಾರು 120ರಿಂದ 142 ಇದ್ದರೆ ಆಸನ 14, ಟೇಬಲ್ 23. ಆಮೇಲೆ 159ರವರೆಗೆ ಆಸನ 15, ಟೇಬಲ್ 25. ಅದಕ್ಕೂ ಎತ್ತರ ಬೆಳೆದರೆ 17 ಮತ್ತು 28.

ಎತ್ತರ ಹೊಂದಿಸಬಲ್ಲ ಟೇಬಲ್ ಕೊಳ್ಳಲು ಸಾಧ್ಯವಾದರೆ ಅದೇ ಸರಿ. ಮನೆಯಲ್ಲಿ ದೊಡ್ಡವರ ಟೇಬಲ್ಲೇ ಇದೆಯೆಂದರೂ ದಾರಿಯಿದೆ. ಟೇಬಲ್ 29 ಇಂಚು, ಮಗು 125 ಸೆಂ.ಮೀ. ಎಂದುಕೊಳ್ಳಿ. ಈ ಎತ್ತರದ ಮಗುವಿಗೆ ಆಸನಕ್ಕೂ ಟೇಬಲ್ಲಿಗೂ ವ್ಯತ್ಯಾಸ ಒಂಬತ್ತು ಇಂಚು ಇರಬೇಕು. ಹಾಗಾಗಿ ಕುರ್ಚಿಯ ಆಸನವನ್ನು 20 ಇಂಚಿಗೆ ಏರಿಸಿ. ಮಗುವಿನ ಕಾಲಿಗೆ ಬೇಕಾದದ್ದು 14 ಇಂಚು, ಉಳಿದ ಆರು ಇಂಚಿಗೆ ಪಾದದಡಿ ಗಟ್ಟಿಯಾದ ಮಣೆ ಇಡಿ. ಮಣೆ ಎರಡೂ ಪಾದ ಪೂರ್ತಿ ಊರುವಷ್ಟು ಅಗಲವಿರಬೇಕು, ಜಾರಬಾರದು. ಮಗು ಬೆಳೆದಂತೆ ಮಣೆ ತೆಳುವಾಗುತ್ತದೆ, ಆಸನವೂ ಇಳಿಯುತ್ತದೆ. ದೊಡ್ಡವರ ಕುರ್ಚಿಯ ಆಸನ ಆಳವಾಗಿರುವುದರಿಂದ ಬೆನ್ನು ಒರಗಲು ಹೋದರೆ ಅಂಚು ಮೊಣಕಾಲ ಹಿಂಭಾಗಕ್ಕೆ ಒತ್ತುತ್ತದೆ, ಆಗ ಮಗು ಮುಂದೆ ಜರುಗಿ ಗೂನು ಬೆನ್ನಿನಲ್ಲಿ ಕೂರುತ್ತದೆ. ಬೆನ್ನ ಹಿಂದೆ ಗಟ್ಟಿ ದಿಂಬು ಇಟ್ಟು ಆಳ ಕಡಿಮೆ ಮಾಡಿ. ಚಕ್ರದ ಕುರ್ಚಿ ಈ ವಯಸ್ಸಿಗೆ ಬೇಡ, ಮಣೆಯ ಮೇಲೆ ಕಾಲೊತ್ತಿದ ಕೂಡಲೇ ಅದು ಹಿಂದಕ್ಕೆ ಓಡುತ್ತದೆ.

ಟೇಬಲ್ ಬಂದ ಮೇಲೂ ಕುರ್ಚಿಗೆ ಎರಡೂವರೆ ಅಡಿ ಬಿಟ್ಟು ಶೆಲ್ಫ್ ಮುಂದೆ ನಾಲ್ಕೂವರೆ ಅಡಿ ನೆಲ ಆಟಕ್ಕೆ ಉಳಿದಿರುತ್ತದೆ. ಅಲ್ಲಿ ನಾಲ್ಕಡಿಗೆ ಮೂರೂವರೆ ಅಡಿಯ ಚಾಪೆ ಹಾಸಿ. ಚಾಪೆಯ ಅಂಚೇ ಗಡಿ: ಅರ್ಧಂಬರ್ಧ ಕಟ್ಟಿದ ಆಟ ಅದರೊಳಗಿದ್ದರೆ ರಾತ್ರಿ ಹಾಗೆಯೇ ಬಿಡಬಹುದು, ಹೊರಗಿದ್ದರೆ ಎತ್ತಿಡಬೇಕು. ಮಕ್ಕಳು ಈ ನಿಯಮವನ್ನು ಬೇಗ ಒಪ್ಪುತ್ತಾರೆ, ಏಕೆಂದರೆ ತಮ್ಮ ಕಟ್ಟಡ ಮರುದಿನಕ್ಕೂ ಉಳಿಯುತ್ತದೆ.

ಅಟ್ಟದ ಮಂಚ ಹಾಕಿಸಬಹುದೇ?

ಮೇಲೆ ಮಲಗಿ ಕೆಳಗೆ ಓದುವ ಎತ್ತರದ ಮಂಚದ ಬಗ್ಗೆ ಬಹಳ ಜನ ಕೇಳುತ್ತಾರೆ. ಆರು ವರ್ಷ ತುಂಬದ ಮಗುವನ್ನು ಮೇಲೆ ಮಲಗಿಸಲೇಬಾರದು. ಆಮೇಲೂ ಮೂರು ಅಳತೆ ನೋಡಿ. ಹಾಸಿಗೆಯ ಮೇಲ್ಮೈಯಿಂದ ಛಾವಣಿಗೆ ಕನಿಷ್ಠ ಮೂರಡಿ ಇದ್ದರೆ ಮಾತ್ರ ಮಗು ಎದ್ದು ಕೂರಬಹುದು. ತಡೆಗಟ್ಟೆ ಹಾಸಿಗೆಗಿಂತ ಕನಿಷ್ಠ ಐದು ಇಂಚು ಮೇಲಿರಬೇಕು. ಒಳ್ಳೆಯ ಮಂಚಕ್ಕೆ ದಪ್ಪ ಹಾಸಿಗೆ ಹಾಕಿ ಈ ತಡೆಯನ್ನು ನಿರುಪಯೋಗಿ ಮಾಡುವವರೇ ಹೆಚ್ಚು. ಮೂರನೆಯದು ಫ್ಯಾನ್: ಮಂಚದ ಮೇಲೆ ನಿಂತು ಕೈ ಚಾಚಿದರೂ ರೆಕ್ಕೆ ದೂರವಿರಬೇಕು. ಹತ್ತಡಿ ಕೋಣೆಯಲ್ಲಿ, ನಡುಮಧ್ಯೆ ಫ್ಯಾನ್ ಇದ್ದಾಗ, ಇದು ಹೊಂದುವುದು ಅಪರೂಪ. ಕೆಳಗಿನ ಟೇಬಲ್ ಹಗಲಲ್ಲೂ ಕತ್ತಲಾಗಿರುತ್ತದೆ ಎಂಬುದೂ ಸೇರಿದರೆ, ಇಂಥ ಚಿಕ್ಕ ಕೋಣೆಗೆ ನಮ್ಮ ಸಲಹೆ ಬೇಡ ಎಂದೇ.

ಹಂತ 7: ಹತ್ತರ ನಂತರ

ಈಗ ಆಟಿಕೆ ಶೆಲ್ಫಿನ ಮುಕ್ಕಾಲು ಪಾಲು ಪುಸ್ತಕಕ್ಕೆ ಹೋಗುತ್ತದೆ. ಟೇಬಲ್ಲಿನ ಮೇಲೆ, ಅದರ ಮಟ್ಟದಿಂದ ಒಂದೂವರೆ ಅಡಿ ಎತ್ತರಕ್ಕೆ, ಎಂಟು ಇಂಚು ಆಳದ ಗೋಡೆ ಶೆಲ್ಫ್ ಹಾಕಿಸಿ. ಅದಕ್ಕಿಂತ ಆಳವಾದರೆ ಬಗ್ಗಿದ ತಲೆ ಎದ್ದೇಳುವಾಗ ತಾಗುತ್ತದೆ. ಮಂಚದ ತಲೆದಿಕ್ಕಿನ ಮೇಲೆ ಮಾತ್ರ ಯಾವ ಶೆಲ್ಫೂ ಬೇಡ.

ಕಂಪ್ಯೂಟರ್ ಬಂದರೆ ಕಿಟಕಿಯ ಬೆಳಕು ಪರದೆಯಲ್ಲಿ ಪ್ರತಿಬಿಂಬಿಸಬಹುದು, ಪರದೆಯನ್ನು ಕೊಂಚ ಬಲಕ್ಕೆ ತಿರುಗಿಸಿ ನೋಡಿ, ಸಾಲದಿದ್ದರೆ ಕಿಟಕಿಗೆ ತೆಳು ಪರದೆ ಎಳೆಯಿರಿ. ಚಾರ್ಜರ್‌ಗಳೆಲ್ಲ ಟೇಬಲ್ಲಿನ ಪಾಯಿಂಟಿನಲ್ಲೇ ಇರಲಿ. ಮಂಚದ ಬದಿಯಲ್ಲಿ ಪಾಯಿಂಟ್ ಇದ್ದರೆ ಫೋನು ದಿಂಬಿನಡಿ ಸೇರುವುದನ್ನು ತಡೆಯುವುದು ಕಷ್ಟ.

ಚಾಪೆಯ ಜಾಗವನ್ನು ಮಾತ್ರ ಟೇಬಲ್ಲಿಗೆ ಬಿಟ್ಟುಕೊಡಬೇಡಿ. ಆಟಿಕೆ ಹೋದರೂ ಸ್ನೇಹಿತರು ಬರುತ್ತಾರೆ, ಹವ್ಯಾಸದ ಸಾಮಾನು ಬರುತ್ತದೆ. ದಪ್ಪ ನೆಲದಿಂಬು ಎರಡು ಹಾಕಿದರೆ ಅದೇ ಜಾಗ ಕೂತು ಹರಟಲು ಆಗುತ್ತದೆ.

ಹಂತ ಬದಲಿಸುವ ಹೊತ್ತು ಬಂತೆಂದು ತಿಳಿಯುವುದು ಹೇಗೆ?

ವಯಸ್ಸು ಬರೀ ಅಂದಾಜು. ಮಗು ಬರೆಯುವಾಗ ಭುಜ ಕಿವಿಯ ಕಡೆಗೆ ಏರಿದ್ದರೆ ಟೇಬಲ್ ಎತ್ತರವಾಗಿದೆ ಅಥವಾ ಆಸನ ತಗ್ಗಿದೆ. ತೊಡೆ ಟೇಬಲ್ಲಿನ ಅಡಿಗೆ ತಾಗುತ್ತಿದ್ದರೆ, ಬೆನ್ನು ಬಗ್ಗಿ ಮೂಗು ಪುಸ್ತಕಕ್ಕೆ ಸಮೀಪವಾಗಿದ್ದರೆ ಟೇಬಲ್ ಚಿಕ್ಕದಾಗಿದೆ. ಬೆಳಕು ಚೆನ್ನಾಗಿದ್ದು, ಎತ್ತರವೂ ಸರಿಯಿದ್ದು, ಆದರೂ ಮೂಗು ಪುಸ್ತಕ ಬಿಡದಿದ್ದರೆ ಕಣ್ಣಿನ ವೈದ್ಯರಿಗೆ ತೋರಿಸಿ. ಓದು ಪದೇ ಪದೇ ಮಂಚಕ್ಕೆ ಜಾರುತ್ತಿದ್ದರೆ ಬೈಯುವ ಮೊದಲು ಆ ಕುರ್ಚಿಯಲ್ಲಿ ಮಗು ಹೇಗೆ ಕೂರುತ್ತದೆಂದು ಹತ್ತು ನಿಮಿಷ ಗಮನಿಸಿ. ಟ್ರೇಯೊಂದು ತಿಂಗಳಿಡೀ ಕದಲದಿದ್ದರೆ ಅದನ್ನು ಖಾಲಿ ಮಾಡುವ ಕಾಲ ಬಂದಿದೆ. ಖಾಲಿ ಮಾಡುವಾಗ ಮಗುವನ್ನೂ ಕೂರಿಸಿಕೊಳ್ಳಿ, ಯಾವುದು ಹೋಗಬೇಕೆಂದು ಅದೇ ಹೇಳಲಿ.

ಎತ್ತರವನ್ನು ಆರು ತಿಂಗಳಿಗೊಮ್ಮೆ ಅಳೆದು ಆಸನ, ಮಣೆ ಸರಿಪಡಿಸಿ. ಅದೇ ದಿನ ಬೀರುವಿನ ಮೇಲಂಚನ್ನೂ ಒಮ್ಮೆ ಜಗ್ಗಿ ನೋಡಿ, ಸಡಿಲಾದ ಸ್ಕ್ರೂಗಳನ್ನು ಬಿಗಿಯಿರಿ.